ಚಂದನಾಗೂ ವಂದನಾಗೂ: ಅವಳಿ ಮಕ್ಕಳಿಗೆ ಒಂದೇ ಶುಭಾಶಯ ಬರೆಯುವಾಗ

ನಮ್ಮ ಶಾಲೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯುವುದು ಕ್ಲಾಸ್ ಟೀಚರ್ ಕೆಲಸ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಓದಬೇಕು, ಆಮೇಲೆ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ನನ್ನ ಕ್ಲಾಸಲ್ಲಿ ಅವಳಿ ಹುಡುಗಿಯರಿದ್ದಾರೆ. ಚಂದನಾ, ವಂದನಾ ಅಂತಿಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ.

ಹೋದ ವರ್ಷ, ಅವರು ಮೂರನೇ ಕ್ಲಾಸಲ್ಲಿದ್ದಾಗ, ನಾನು ಬರೆದಿದ್ದು ಹೀಗೆ: "ಇವತ್ತು ನಮ್ಮ ಚಂದನಾಳ ಹುಟ್ಟುಹಬ್ಬ. ಓದಿನಲ್ಲಿ ಮುಂದು, ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಅವಳ ತಂಗಿ ವಂದನಾಗೂ ಶುಭಾಶಯಗಳು." ಓದಿ ಮುಗಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ವಂದನಾ ಬಂದು, "ಮಿಸ್, ನಂದು ಬರೀ ಒಂದು ಸಾಲು" ಅಂದಳು. ಅವಳು ಅಳಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ, ಸುಮ್ನೆ ಲೆಕ್ಕ ಹೇಳಿದಳು ಅಷ್ಟೇ. ಅದು ನನ್ನ ತಪ್ಪು.

ಮನೆಗೆ ಬಂದು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಸಾಲು ಒಂದೇ ಆಗಿದ್ದರ ಜೊತೆಗೆ ಆ 'ಗೂ' ಕೂಡ ಚುಚ್ಚುತ್ತಿತ್ತು. 'ವಂದನಾಗೂ' ಅಂತ ಎರಡನೆಯ ಹೆಸರಿಗೆ ಮಾತ್ರ ಹಚ್ಚಿದರೆ, ಹೇಗೂ ಕೊಡ್ತಾ ಇದ್ದೀವಿ, ಇವಳಿಗೂ ಇರಲಿ ಅನ್ನೋ ಅರ್ಥ ಬರುತ್ತದೆ. ಅದನ್ನೇ ಎರಡೂ ಹೆಸರಿಗೆ ಹಚ್ಚಿ ನೋಡಿ: "ಚಂದನಾಗೂ ವಂದನಾಗೂ". ಈಗ ಇಬ್ಬರೂ ಸಮ. 'ಚಂದನಾ ಮತ್ತು ವಂದನಾಗೆ' ಅಂದರೆ ತಪ್ಪೇನಿಲ್ಲ, ಆದರೆ ನನಗೆ ಎರಡು 'ಗೂ' ಇರೋದೇ ಇಷ್ಟ, ಓದುವಾಗ ಎರಡು ಹೆಸರಿಗೂ ಒಂದೇ ತೂಕ ಬೀಳುತ್ತದೆ. 'ತಂಗಿ' ಅನ್ನೋದನ್ನು ಕೂಡ ತೆಗೆದೆ. ಅವರ ಅಮ್ಮನನ್ನು ಕೇಳಿದಾಗ, ಹುಟ್ಟಿದ್ದರಲ್ಲಿ ಕೆಲವೇ ನಿಮಿಷ ವ್ಯತ್ಯಾಸ, ಮನೆಯಲ್ಲಿ ಅಕ್ಕ ತಂಗಿ ಅಂತ ಕರೆಯುವುದೇ ಇಲ್ಲ, ಹೆಸರು ಹಿಡಿದೇ ಕರೆಯುತ್ತೇವೆ ಅಂದರು. ಕೆಲವು ಮನೆಗಳಲ್ಲಿ ಕರೆಯುತ್ತಾರೆ, ಹಾಗಾಗಿ ಕೇಳಿಕೊಂಡೇ ಬರೆಯಬೇಕು.

ಈ ವರ್ಷ ನಾಲ್ಕನೇ ಕ್ಲಾಸಿಗೂ ನಾನೇ ಟೀಚರ್. ಮೊದಲ ಕರಡಿನಲ್ಲಿ "ಚಂದನಾ ಓದಿನಲ್ಲಿ ಮುಂದು, ವಂದನಾ ಯಾವಾಗಲೂ ನಗುನಗುತ್ತಾ ಇರುತ್ತಾಳೆ" ಅಂತ ಬರೆದೆ. ಸಾಲಿನ ಲೆಕ್ಕ ಸರಿಯಾಗಿತ್ತು, ಆದರೂ ಹರಿದು ಹಾಕಿದೆ. ಒಬ್ಬಳಿಗೆ ಸಾಧನೆ, ಇನ್ನೊಬ್ಬಳಿಗೆ ನಗು ಕೊಟ್ಟರೆ ನಗು ಸಮಾಧಾನದ ಬಹುಮಾನದ ಹಾಗೆ ಕಾಣುತ್ತದೆ, ಅಲ್ವಾ? ಅದೂ ಅಲ್ಲದೆ ಆ ನಗುವಿನ ಮಾತನ್ನು ಕ್ಲಾಸಿನ ಯಾವ ಮಗುವಿಗೆ ಬೇಕಾದರೂ ಹೇಳಬಹುದು. ಅದಕ್ಕೇ ಈಗ ಬರೆದಾದ ಮೇಲೆ ಎರಡು ಹೆಸರನ್ನು ಅದಲು ಬದಲು ಮಾಡಿ ಓದುತ್ತೇನೆ. ಬದಲಿಸಿದರೂ ಮಾತು ಸರಿ ಹೊಂದಿದರೆ ಅದು ಆ ಮಗುವಿನದ್ದಲ್ಲ ಅಂತ ಅರ್ಥ. "ನಮ್ಮ ಮುದ್ದು ಅವಳಿ ಜೋಡಿ" ಅನ್ನೋದೂ ಇದೇ ಕಾರಣಕ್ಕೆ ಬೇಡ ಅನ್ನಿಸಿತು, ಅದರಲ್ಲಿ ಇಬ್ಬರೂ ಇಲ್ಲ.

ಒಂದು ವಾರ ಇಬ್ಬರನ್ನೂ ಗಮನಿಸಿದೆ. ನಾನು ಕಣ್ಣಾರೆ ಕಂಡ ಕೆಲಸವನ್ನೇ ಬರೆಯಬೇಕು, ಇಬ್ಬರದ್ದೂ ಒಂದೇ ಬಗೆಯದಾಗಿರಬೇಕು ಅಂತ ತೀರ್ಮಾನಿಸಿದ್ದೆ. ಕೊನೆಗೆ ಓದಿದ್ದು ಇದು:

"ಇವತ್ತು ಚಂದನಾಗೂ ವಂದನಾಗೂ ಹುಟ್ಟುಹಬ್ಬ. ವಂದನಾ, ಹೊಸದಾಗಿ ಸೇರಿದ ಹುಡುಗಿ ಊಟಕ್ಕೆ ಒಬ್ಬಳೇ ಕೂತಿದ್ದಾಗ ನೀನು ಡಬ್ಬಿ ತಗೊಂಡು ಹೋಗಿ ಅವಳ ಪಕ್ಕ ಕೂತೆ. ಚಂದನಾ, ಮಳೆಗೆ ಬಾಗಿದ ಟೊಮೆಟೊ ಗಿಡಕ್ಕೆ ಯಾರೂ ಹೇಳದೆ ನೀನು ಕೋಲು ಕಟ್ಟಿ ನಿಲ್ಲಿಸಿದೆ. ಇಬ್ಬರಿಗೂ ಹುಟ್ಟುಹಬ್ಬದ ಶುಭಾಶಯಗಳು."

ಒಂದು ಹೆಸರು ಮೊದಲು ಬರಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಹಾಗಾಗಿ ಶುರುವಿನಲ್ಲಿ ಚಂದನಾ ಮೊದಲು ಬಂದರೆ, ಮುಂದಿನ ಮಾತು ವಂದನಾಳಿಂದ ಶುರುವಾಯಿತು. ಇನ್ನೊಂದು, ಇಬ್ಬರನ್ನೂ ಸೇರಿಸಿ 'ನೀವು' ಅಂದರೆ ಆ ಮಾತು ಯಾರಿಗೆ ಹೇಳಿದ್ದು ಅಂತ ಗೊತ್ತಾಗುವುದಿಲ್ಲ. ಟೀಚರ್ ಮಗುವಿನ ಜೊತೆ ಮಾತಾಡುವುದು 'ನೀನು' ಅಂತಲೇ. ಅದಕ್ಕೆ ಒಬ್ಬೊಬ್ಬರಿಗೂ ಅವರವರ 'ನೀನು' ಇಟ್ಟೆ.

ಓದುವಾಗಲೂ ಒಂದು ಎಚ್ಚರಿಕೆ ಬೇಕು. ಮೊದಲ ಹೆಸರಾದ ಮೇಲೆ ನಿಲ್ಲಿಸಿದರೆ ಮಕ್ಕಳು ಅಲ್ಲೇ ಚಪ್ಪಾಳೆ ಶುರು ಮಾಡುತ್ತಾರೆ, ಎರಡನೆಯ ಹೆಸರು ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಎರಡನ್ನೂ ಒಂದೇ ಉಸಿರಿಗೆ ಹೇಳಿ ಆಮೇಲೆ ನಿಲ್ಲಿಸಿದೆ. ಬೋರ್ಡಿನಲ್ಲಿ ಒಂದೇ ಸಾಲಿಗೆ ಜಾಗ ಇದ್ದರೆ ಬರೀ ಹೆಸರು ಬರೆದು ಬಿಟ್ಟುಬಿಡಿ, ಒಬ್ಬಳ ಬಗ್ಗೆ ಮಾತ್ರ ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ.

ಮುಂದಿನ ವರ್ಷ ಅವರಿಗೆ ಬೇರೆ ಟೀಚರ್. ಮಕ್ಕಳ ಹುಟ್ಟುಹಬ್ಬದ ಪಟ್ಟಿಯ ಜೊತೆ ಒಂದು ಚೀಟಿ ಪಿನ್ ಮಾಡಿ ಇಟ್ಟಿದ್ದೇನೆ: "ಈ ಸಲ ಚಂದನಾ ಹೆಸರು ಮೊದಲು ಬಂದಿದೆ. ಮುಂದಿನ ಸಲ ವಂದನಾ."