ಹಲ್ಲು ಸರಿಯಿದ್ದೂ ದವಡೆಗೆ ಕರೆಂಟ್ ಹೊಡೆದಾಗ

ಶಿವಮೊಗ್ಗದ ನನ್ನ ಹಲ್ಲಿನ ಕ್ಲಿನಿಕ್‌ಗೆ ಹೊಸನಗರದ ಕಡೆಯಿಂದ ಒಬ್ಬರು ಅಮ್ಮ ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಬಲಗಡೆ ಕೆಳದವಡೆಯ ಎರಡು ಹಲ್ಲನ್ನು ಆಗಲೇ ಬೇರೆ ಕಡೆ ಕೀಳಿಸಿದ್ದರು. ನೋವು ಹೋಗಿರಲಿಲ್ಲ. "ಪಕ್ಕದ್ದನ್ನೂ ಕಿತ್ತುಬಿಡಿ ಡಾಕ್ಟ್ರೇ" ಎಂದರು.

ಬಾಯಿ ತೆರೆಸಿ ನೋಡಿದೆ. ಎಡಗಡೆ ಹಲ್ಲೆಲ್ಲ ಸ್ವಚ್ಛ. ಬಲಗಡೆ ಮಾತ್ರ ಒಸಡಿನ ಅಂಚಿಗೆ ಪಾಚಿ ಗಟ್ಟಿಯಾಗಿ ಕೂತಿತ್ತು. ಆ ಕಡೆ ಬ್ರಷ್ ಮುಟ್ಟಿಸೋಕೇ ಅವರಿಗೆ ಭಯ. ಮುಖ ತೊಳೆದರೂ, ಕವಳ ಹಾಕಿದರೂ, ಬಸ್ಸಿನ ಕಿಟಕಿಯ ಗಾಳಿ ತಾಗಿದರೂ ತುಟಿಯಿಂದ ದವಡೆಯುದ್ದಕ್ಕೂ ಕರೆಂಟ್ ಹೊಡೆಯುತ್ತಿತ್ತಂತೆ. ಕೆಲವೇ ಸೆಕೆಂಡು, ಆಮೇಲೆ ಏನೂ ಇಲ್ಲ.

ಹುಳುಕು ಹಲ್ಲು ಹೀಗೆ ನೋಯುವುದಿಲ್ಲ. ಅದು ಬಿಸಿ, ತಣ್ಣಗಿನದಕ್ಕೆ ಜುಂ ಎಂದು ಎದ್ದು ತುಂಬಾ ಹೊತ್ತು ಇರುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಇವರ ಹಲ್ಲು ಕುಟ್ಟಿ ನೋಡಿದರೂ, ಎಕ್ಸ್‌ರೇ ತೆಗೆದರೂ ಏನೂ ಸಿಗಲಿಲ್ಲ. ಇಲ್ಲೊಂದು ಮೋಸವಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಈ ನೋವೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಗಾಗಿ ಹಲ್ಲಿನದ್ದೇ ತಪ್ಪು ಅನ್ನಿಸಿಬಿಡುತ್ತದೆ, ಒಳ್ಳೆಯ ಹಲ್ಲು ಹೋಗುತ್ತದೆ.

ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ಸ್ಪರ್ಶ ತಿಳಿಸುವ ನರ ಮೆದುಳಿಗೆ ಸೇರುವ ಕಡೆ ಒಂದು ರಕ್ತನಾಳ, ಹೆಚ್ಚಾಗಿ ಕಿರುಮೆದುಳಿಗೆ ಹೋಗುವ ಮೇಲಿನ ಅಪಧಮನಿ, ಒತ್ತಿಕೊಂಡು ಮಿಡಿಯುತ್ತಿರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸವೆದ ಹಾಗೆ ನರದ ಹೊದಿಕೆ ಅಲ್ಲಿ ಸವೆಯುತ್ತದೆ. ಆಮೇಲೆ ಸುಮ್ನೆ ಮುಟ್ಟಿದ್ದೂ ನೋವಾಗಿ ಹಾಯುತ್ತದೆ.

ಅವರನ್ನು ನರರೋಗ ತಜ್ಞರ ಹತ್ತಿರ ಕಳಿಸಿದೆ. ಎಂಆರ್‌ಐಯಲ್ಲಿ ನರಕ್ಕೆ ತಾಗಿಕೊಂಡ ರಕ್ತನಾಳ ಕಾಣಿಸಿತು. ಗಡ್ಡೆ ಇರಲಿಲ್ಲ. ವಯಸ್ಸು ಚಿಕ್ಕದಿದ್ದರೆ, ಎರಡೂ ಕಡೆ ನೋವಿದ್ದರೆ, ಮುಖ ಮರಗಟ್ಟಿದ್ದರೆ ಗಡ್ಡೆ ಅಥವಾ ನರದ ಹೊದಿಕೆಯನ್ನೇ ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇದೆಯಾ ಎಂದು ಇನ್ನೂ ಎಚ್ಚರದಿಂದ ನೋಡಬೇಕಾಗುತ್ತದೆ.

ಮೊದಲ ಔಷಧಿ ಕಾರ್ಬಮಜೆಪಿನ್. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟುವುದೇ ಇಲ್ಲ. 100 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಕೆಲವೇ ದಿನದಲ್ಲಿ ಹೊಡೆತ ತಗ್ಗಿತು. ಆದರೆ ಡೋಸ್ ಜಾಸ್ತಿಯಾದ ಮೇಲೆ ತಲೆ ತೂಗಾಡತೊಡಗಿತು, ರಕ್ತದ ಸೋಡಿಯಂ ಇಳಿಯಿತು. ಮೈಮೇಲೆ ಗಂದೆ ಎದ್ದರಂತೂ ತಡಮಾಡದೆ ಡಾಕ್ಟರಿಗೆ ತೋರಿಸಲೇಬೇಕು. ಈ ಮಾತ್ರೆಯಿಂದ ಚರ್ಮ ಸುಲಿಯುವ ಅಪಾಯಕಾರಿ ಅಲರ್ಜಿ ಬರಬಹುದು.

ಕೊನೆಗೆ ಅವರು ಆಪರೇಷನ್‌ಗೆ ಒಪ್ಪಿದರು. ಕಿವಿಯ ಹಿಂದೆ ತಲೆಬುರುಡೆಯಲ್ಲಿ ಸಣ್ಣ ಕಿಂಡಿ ತೆಗೆದು, ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ನರವನ್ನು ಸುಡುವುದಿಲ್ಲ, ಹಾಗಾಗಿ ಮುಖದ ಸ್ಪರ್ಶ ಸಾಮಾನ್ಯವಾಗಿ ಉಳಿಯುತ್ತದೆ. ಹೆಚ್ಚಿನವರಿಗೆ ವರ್ಷಗಟ್ಟಲೆ ನೆಮ್ಮದಿ ಸಿಗುತ್ತದೆ. ಆ ಕಡೆಯ ಕಿವಿ ಮಂದವಾಗುವ ಸಣ್ಣ ಅಪಾಯವನ್ನು ಮೊದಲೇ ಹೇಳಿರುತ್ತಾರೆ.

ದೊಡ್ಡ ಆಪರೇಷನ್ ತಡೆಯುವ ಶಕ್ತಿ ಇಲ್ಲದವರಿಗೆ ಕೆನ್ನೆಯಿಂದ ಸೂಜಿ ಹಾಕಿ ನರವನ್ನು ಬಿಸಿ ಮಾಡುವುದೋ, ಬಲೂನಿನಿಂದ ಒತ್ತುವುದೋ ಇದೆ. ನೋವು ಬೇಗ ಹೋಗುತ್ತದೆ, ಮುಖ ಸ್ವಲ್ಪ ಮರಗಟ್ಟಬಹುದು. ಗಾಮಾ ನೈಫ್ ವಿಕಿರಣಕ್ಕೆ ಕೊಯ್ತವೇ ಬೇಡ, ಆದರೆ ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಯಾವುದನ್ನು ಆರಿಸಿದರೂ ನೋವು ಮರಳಬಹುದು. ಆಗಲೂ ಮೊದಲು ತೋರಿಸಬೇಕಾದದ್ದು ನರದ ಡಾಕ್ಟರಿಗೆ, ನನಗಲ್ಲ.