ಡೆಸ್ಕ್‌ನಲ್ಲೇ ಊಟ, ಮಧ್ಯಾಹ್ನದ ಲೆಕ್ಕ

ನನ್ನದು ಅಕೌಂಟ್ಸ್ ಕೆಲಸ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಲೆಡ್ಜರ್ ಎರಡನ್ನೂ ಸಾಲು ಸಾಲಾಗಿ ತಾಳೆ ನೋಡುವುದರಲ್ಲೇ ದಿನದ ಹೆಚ್ಚು ಹೊತ್ತು ಹೋಗುತ್ತದೆ. ಇದಕ್ಕೆ ಬುದ್ಧಿಗಿಂತ ಗಮನ ಜಾಸ್ತಿ ಬೇಕು. 72,600 ಇರಬೇಕಾದ ಕಡೆ 76,200 ಅಂತ ಕೂತಿದ್ದರೆ, ದಣಿದ ಕಣ್ಣು ಎರಡೂ ಒಂದೇ ಅಂದುಕೊಂಡು ಟಿಕ್ ಹಾಕಿ ಮುಂದೆ ಹೋಗುತ್ತದೆ.

ನಮ್ಮ ತಂಡದಲ್ಲಿ ಹೆಚ್ಚಿನವರ ಊಟ ಡೆಸ್ಕ್‌ನಲ್ಲೇ ಆಗುತ್ತಿತ್ತು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈ ಮೌಸ್ ಮೇಲೆ. ಬೇಗ ಮುಗಿಸಿದರೆ ಬೇಗ ಹೊರಡಬಹುದು ಅಲ್ವಾ? ಆದರೆ ಸಂಜೆ ಮೊತ್ತ ತಾಳೆಯಾಗದೆ ಹಿಂದಕ್ಕೆ ಹುಡುಕುತ್ತಾ ಹೋದರೆ, ತಪ್ಪು ಸಿಗುತ್ತಿದ್ದದ್ದು ಬಹುತೇಕ ಊಟದ ಹೊತ್ತಿನಲ್ಲೋ ಅದಾದ ಮೇಲೋ ಟಿಕ್ ಹಾಕಿದ ಸಾಲುಗಳಲ್ಲಿ. ಮಧ್ಯಾಹ್ನ ಉಳಿಸಿದ ಅರ್ಧ ಗಂಟೆ ಹೀಗೆ ಸಂಜೆ ಬಡ್ಡಿ ಸಮೇತ ಹೋಗುತ್ತಿತ್ತು.

ಇದಕ್ಕೆ ಒಂದು ವಿವರಣೆ ಸೋಫಿ ಲೆರಾಯ್ ಎಂಬ ಸಂಶೋಧಕಿಯ 2009ರ ಅಧ್ಯಯನದಲ್ಲಿದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಗಮನದ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ. ಡೆಸ್ಕ್ ಊಟದಲ್ಲಿ ಕೆಲಸದಿಂದ ಕೈ ಮಾತ್ರ ತೆಗೆದಿರುತ್ತೇವೆ. ಸ್ಕ್ರೀನ್ ತೆರೆದೇ ಇರುತ್ತದೆ, ಮೂಲೆಯಲ್ಲಿ ಮೇಲ್ ಬಂದು ಬಂದು ಇಣುಕುತ್ತದೆ, ಪಕ್ಕದವರು "ಒಂದೇ ನಿಮಿಷ" ಅಂತ ಫೈಲ್ ಹಿಡಿದು ಬರುತ್ತಾರೆ. ಹೊಟ್ಟೆ ತುಂಬುತ್ತದೆ, ತಲೆಗೆ ಬಿಡುವು ಸಿಗುವುದಿಲ್ಲ.

ಹಾಗಂತ ಎದ್ದು ಹೋದರೆ ಸಾಕೇ? ಅದೂ ಇಲ್ಲ. ಊಟದ ಟೇಬಲ್‌ನಲ್ಲಿ ಕೂತು ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಯೋಚಿಸುತ್ತಿದ್ದರೆ ಡೆಸ್ಕ್‌ನಲ್ಲಿ ಇದ್ದ ಹಾಗೇ. ಲೆರಾಯ್ ಮತ್ತು ಥೆರೆಸಾ ಗ್ಲೋಂಬ್ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲೇ. ಕೆಲಸ ಅರ್ಧಕ್ಕೆ ಬಿಡಬೇಕಾದಾಗ, ಎಲ್ಲಿಗೆ ನಿಂತಿದೆ, ವಾಪಸ್ ಬಂದು ಮೊದಲು ಏನು ಮಾಡಬೇಕು ಅಂತ ಒಂದು ಕ್ಷಣ ಬರೆದಿಟ್ಟವರ ಗಮನ ಹಳೆಯ ಕೆಲಸದಲ್ಲಿ ಅಷ್ಟಾಗಿ ಸಿಕ್ಕಿಕೊಳ್ಳಲಿಲ್ಲ. ಅವರು ನೋಡಿದ್ದು ಕೆಲಸದ ಮಧ್ಯೆ ಬರುವ ಅಡಚಣೆಗಳನ್ನು. ಊಟಕ್ಕೂ ಅದು ಹೊಂದುತ್ತದೆ ಅನ್ನೋದು ನನ್ನ ಅನುಭವ.

ಹಾಗಾಗಿ ಏಳುವ ಮುಂಚೆ ಒಂದು ಚೀಟಿ ಬರೆಯುತ್ತೇನೆ. ಉದಾಹರಣೆಗೆ: "14ನೇ ಸಾಲಿನವರೆಗೆ ಟಿಕ್ ಆಗಿದೆ. ವ್ಯತ್ಯಾಸ 3,600, 9ರಿಂದ ಭಾಗವಾಗುತ್ತದೆ. ಬಂದು 15ರಿಂದ ಅಂಕಿ ಅದಲುಬದಲಾಗಿದೆಯಾ ನೋಡಬೇಕು." ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕದವರಿಗೆ ಇದು ಹಳೆಯ ಸುಳಿವು. 76,200ರಲ್ಲಿ 72,600 ಕಳೆದರೆ ಅದೇ 3,600. "ಲೆಡ್ಜರ್ ಬಾಕಿ ಇದೆ" ಅಂತ ಬರೆದರೆ ಏನೂ ಉಪಯೋಗವಿಲ್ಲ. ಬಂದು ಕೂತ ತಕ್ಷಣ ಕೈ ಎಲ್ಲಿಗೆ ಹೋಗಬೇಕು ಅನ್ನೋದು ಆ ಚೀಟಿಯಲ್ಲಿ ಇರಬೇಕು.

ಆಮೇಲೆ ಸ್ಕ್ರೀನ್ ಲಾಕ್ ಮಾಡಿ ಏಳುವುದು. ಫೋನ್‌ನಲ್ಲಿ ಆಫೀಸ್ ಗ್ರೂಪ್ ಇದ್ದರೆ ಅದೂ ಡೆಸ್ಕೇ, ಡ್ರಾಯರ್‌ನಲ್ಲಿಡಿ. ಇದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಸುಲಭ. ವಾಪಸ್ ಬಂದು ಚೀಟಿ ಓದಿದಾಗ "ಹೌದಲ್ಲ, ಇದು ಇತ್ತು" ಅನ್ನಿಸಿದರೆ ನಿಜವಾಗಿ ಬಿಡುವು ಸಿಕ್ಕಿದೆ. ಅಲ್ಲಿ ಬರೆದದ್ದೆಲ್ಲ ತಲೆಯಲ್ಲಿ ತಿರುಗುತ್ತಲೇ ಇದ್ದರೆ ನೀವು ಎದ್ದೇ ಇಲ್ಲ. ಮೂಡ್‌ಗೂ ಒಂದು ಗುರುತಿದೆ: ಮೂರು ಗಂಟೆಗೆ ಬಿಲ್ ವಿಚಾರಿಸಲು ಯಾರಾದರೂ ಫೋನ್ ಮಾಡಿದಾಗ ನಿಮ್ಮ ದನಿ ಹೇಗಿತ್ತು ಅನ್ನೋದು. ನನ್ನ ದನಿಯಲ್ಲಿ ವ್ಯತ್ಯಾಸ ಇದೆ ಅಂತ ಮೊದಲು ಹೇಳಿದ್ದು ಪಕ್ಕದ ಸೀಟಿನವರು.

ಎಲ್ಲರೂ ಒಟ್ಟಿಗೆ ಊಟ ಮಾಡಬೇಕು ಅಂತ ಕಡ್ಡಾಯ ಮಾಡುವ ಮ್ಯಾನೇಜರ್‌ಗಳಿಗೆ ಒಂದು ಮಾತು. ಜಾನ್ ಟ್ರೌಗಾಕೋಸ್ ಮತ್ತು ಸಂಗಡಿಗರ 2014ರ ಅಧ್ಯಯನದ ಪ್ರಕಾರ, ಊಟದ ಬಿಡುವಿನಲ್ಲಿ ಏನು ಮಾಡುತ್ತೇವೆ ಅನ್ನುವಷ್ಟೇ ಮುಖ್ಯ, ಅದನ್ನು ನಾವೇ ಆರಿಸಿಕೊಂಡೆವಾ ಅನ್ನೋದು. ತಮ್ಮ ಆಯ್ಕೆಯಿಲ್ಲದೆ ಸಹೋದ್ಯೋಗಿಗಳ ಜೊತೆ ಬೆರೆತವರಿಗೆ ದಿನದ ಕೊನೆಗೆ ದಣಿವು ಹೆಚ್ಚಿತ್ತು. ಸುಮ್ನೆ ಒಬ್ಬರೇ ಕೂರಬೇಕು ಅನ್ನುವವರನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನದ ತೂಕಡಿಕೆ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಊಟ ಒಂದೇ ಕಾರಣ ಅಲ್ಲ. ದೇಹದ ದಿನಚಕ್ರವೇ ಆ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ, ಊಟ ಮಾಡದವರಿಗೂ. ಅದಕ್ಕೇ ಎರಡರಿಂದ ಮೂರರವರೆಗೆ ನಾನು ತಾಳೆ ನೋಡುವುದಿಲ್ಲ. ಫೈಲಿಂಗ್, ಸ್ಕ್ಯಾನಿಂಗ್, ಬಾಕಿ ಫೋನ್ ಕರೆ ಅಲ್ಲಿಗೆ ಹಾಕಿಕೊಂಡಿದ್ದೇನೆ. ತಿಂಗಳ ಕೊನೆಯಲ್ಲಿ ಇದೂ ನಡೆಯುವುದಿಲ್ಲ. ಆಗ ಹದಿನೈದೇ ನಿಮಿಷವಾದರೂ ಸರಿ, ಚೀಟಿ ಬರೆದಿಟ್ಟು ಎದ್ದು ಹೋಗುತ್ತೇನೆ, ಮತ್ತು ಊಟದ ನಂತರ ಟಿಕ್ ಹಾಕಿದ ಪುಟಗಳನ್ನು ಮರುದಿನ ಬೆಳಿಗ್ಗೆ ಬೇರೆಯವರ ಕೈಯಲ್ಲಿ ಇನ್ನೊಮ್ಮೆ ನೋಡಿಸುತ್ತೇನೆ.