ಆ ಒಂದು ಖಾಲಿ ಮನೆ

“ಸರ್ಕ್ಯುಲರ್ ಬಫರ್‌ನಲ್ಲಿ ಒಂದು ಜಾಗ ಸುಮ್ಮನೆ ಖಾಲಿ ಬಿಡ್ತೀರಲ್ಲ, ಯಾಕೆ? ಎಷ್ಟು ತುಂಬಿದೆ ಅಂತ ಒಂದು count ಇಟ್ಕೊಂಡ್ರೆ ಮುಗೀತಲ್ವಾ?”

ಮುಗಿಯಲ್ಲ. ಆ “ಮುಗೀತಲ್ವಾ” ಅನ್ನೋ ಬಾಲ ಕೇಳಿದಾಗಲೆಲ್ಲ ಗೊತ್ತಾಗುತ್ತದೆ, ಕೇಳುವವರು ಇನ್ನೂ, ನಡೆಯುತ್ತಿರುವ ಕೋಡನ್ನು ನಡುವೆ ತಡೆದು ಓಡುವ ಇಂಟರಪ್ಟ್ ಜೊತೆ ಬಫರ್ ಹಂಚಿಕೊಂಡಿಲ್ಲ ಅಂತ. ಮಾತಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ.

ಬಂದ ಬೈಟುಗಳನ್ನು ಓದುವವರೆಗೆ ಇಡುವ, ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಸುತ್ತುವ ಎಂಟು ಜಾಗದ ಬಫರ್ ಇದೆ ಅಂದುಕೊಳ್ಳಿ. ಚೌಕಾಬಾರ ಆಡುವವರ ಮಾತಿನಲ್ಲಿ ಅವನ್ನು ಮನೆ ಅನ್ನೋಣ: 0ರಿಂದ 7. ಸೀರಿಯಲ್ ಪೋರ್ಟಿಗೆ ಬೈಟ್ ಬಂದಾಗಲೆಲ್ಲ ಇಂಟರಪ್ಟ್ ಅದನ್ನು `head` ಇರುವ ಮನೆಗೆ ಹಾಕಿ `head` ಮುಂದಿಡುತ್ತದೆ. ಮೇನ್ ಲೂಪ್ `tail` ಇರುವ ಮನೆಯಿಂದ ತೆಗೆದು `tail` ಮುಂದಿಡುತ್ತದೆ. ಎರಡೂ 3ರಲ್ಲಿವೆ, ಬಫರ್ ಖಾಲಿ. ಈಗ ಮೇನ್ ಲೂಪ್ ಬೇರೆಲ್ಲೋ ಸಿಕ್ಕಿಕೊಂಡಿತು. ಬೈಟುಗಳು 3, 4, 5, 6, 7, 0, 1, 2 ಹೀಗೆ ಎಂಟೂ ಮನೆ ತುಂಬಿದವು. `head` ಸುತ್ತು ಬಂದು ಮತ್ತೆ 3ರಲ್ಲಿ ನಿಂತಿತು. ಮೇನ್ ಲೂಪ್ ವಾಪಸ್ ಬಂದು `head == tail` ನೋಡಿ, ಏನೂ ಬಂದಿಲ್ಲ ಅಂತ ಹೋಗಿಬಿಡುತ್ತದೆ. ಎಂಟೂ ಬೈಟು ಒಟ್ಟಿಗೆ ಹೋದವು.

ಗುಡಿ ಸುತ್ತ ಇಬ್ಬರು ಪ್ರದಕ್ಷಿಣೆ ಹಾಕುತ್ತಿದ್ದಾರೆ, ಇಬ್ಬರೂ ಒಂದೇ ಕಂಬದ ಹತ್ತಿರ ನಿಂತಿದ್ದಾರೆ. ಜೊತೆಗೆ ನಡೆದು ಬಂದರೋ, ಒಬ್ಬರು ಒಂದು ಸುತ್ತು ಮುಂದಿದ್ದಾರೋ? ಕಂಬ ನೋಡಿ ಹೇಳಲಾಗುವುದಿಲ್ಲ. ಲೆಕ್ಕ ಇಷ್ಟೇ: ಎಂಟು ಮನೆಯ ಬಫರಿನಲ್ಲಿ 0ರಿಂದ 8ರವರೆಗೆ ಒಂಬತ್ತು ಸ್ಥಿತಿಗಳಿವೆ, ಆದರೆ ಎರಡು ಸ್ಥಾನಗಳ ನಡುವಿನ ಅಂತರಕ್ಕೆ ಎಂಟೇ ಬೆಲೆ. ಒಂಬತ್ತನ್ನು ಎಂಟರೊಳಗೆ ತುರುಕಿದರೆ ಎರಡು ಒಂದರ ಮೇಲೊಂದು ಕೂರಲೇಬೇಕು. ಹಾಗಾಗಿ ಒಂದೋ ಒಂದು ಸ್ಥಿತಿ ಬಿಡಬೇಕು, ಇಲ್ಲವೇ ಇನ್ನಷ್ಟು ಮಾಹಿತಿ ಇಟ್ಟುಕೊಳ್ಳಬೇಕು. ಖಾಲಿ ಮನೆ ಬಿಡುವುದು ಮೊದಲನೆಯದು:

```c
next = (head + 1) % 8;
if (next != tail) {
    buf[head] = byte;
    head = next;
}
```

ಏಳು ತುಂಬಿದರೆ ‘ತುಂಬಿದೆ’. ಆರ್ಡುಯಿನೋ ಊನೋ ಸೀರಿಯಲ್ ಕೋಡು ಮಾಡುವುದೂ ಇದನ್ನೇ. ಬಫರ್ 64 ಬೈಟಿನದು, ಹಿಡಿಯುವುದು 63. ಓದದೆ ಎಷ್ಟೇ ಕಳಿಸಿ, `Serial.available()` 63 ದಾಟುವುದಿಲ್ಲ. ಆಮೇಲೆ ಬಂದವನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. 115200 ಬಾಡಿನಲ್ಲಿ ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ ಹತ್ತು ಬಿಟ್, ಅಂದರೆ 63 ಬೈಟ್ ತುಂಬಲು ಸುಮಾರು 5.5 ಮಿಲಿಸೆಕೆಂಡ್. ನಡುವೆ ಒಂದು `delay(10)` ಹಾಕಿಕೊಂಡು “ಡೇಟಾ ಮಿಸ್ ಆಗ್ತಿದೆ ಸಾರ್” ಅನ್ನುವವರಿಗೆ ನಾನೇನು ಹೇಳಲಿ.

ಇನ್ನು ಆ `count`. ಇಂಟರಪ್ಟ್ ಇಲ್ಲದ ಕಡೆ ಆರಾಮಾಗಿ ಇಟ್ಟುಕೊಳ್ಳಿ, ನನ್ನದೇನೂ ತಕರಾರಿಲ್ಲ. ಇಲ್ಲಿ ಮಾತ್ರ ಅದನ್ನು ಇಬ್ಬರೂ ಬರೆಯುತ್ತಾರೆ: ಇಂಟರಪ್ಟ್ ಕೂಡಿಸುತ್ತದೆ, ಮೇನ್ ಲೂಪ್ ಕಳೆಯುತ್ತದೆ. `count--` ಕಣ್ಣಿಗೆ ಒಂದು ಸಾಲು, ಪ್ರೊಸೆಸರಿಗೆ ಮೂರು ಕೆಲಸ: ಮೆಮೊರಿಯಿಂದ ತರು, ಒಂದು ಕಳೆ, ವಾಪಸ್ ಇಡು. ಮೇನ್ ಲೂಪ್ 5 ತಂದಿತು. ಅಷ್ಟರಲ್ಲಿ ಇಂಟರಪ್ಟ್ ನುಗ್ಗಿ ಮೆಮೊರಿಯಲ್ಲಿ 6 ಮಾಡಿ ಹೋಯಿತು. ಮೇನ್ ಲೂಪ್ ತನ್ನ ಕೈಲಿದ್ದ 5ರಲ್ಲಿ ಒಂದು ಕಳೆದು 4 ಇಟ್ಟಿತು. ನಿಜವಾಗಿ ಇರುವುದು 5.

ಇದರ ಲಕ್ಷಣ ವಿಚಿತ್ರ. ಒಂದು ಬೈಟ್ ಲೆಕ್ಕಕ್ಕೆ ಸಿಗದೆ ಬಫರಿನಲ್ಲೇ ಉಳಿಯುತ್ತದೆ. ಪ್ರತಿ ಸಂದೇಶದ ಕೊನೆಯ ಅಕ್ಷರ ಮುಂದಿನ ಸಂದೇಶ ಬಂದ ಮೇಲೆ ಹೊರಬರುತ್ತದೆ. ಇದು ನಡೆದಷ್ಟು ಸಲವೂ ಒಂದೊಂದು ಬೈಟ್ ಹಿಂದೆ ಬೀಳುತ್ತೀರಿ. ರೀಸೆಟ್ ಮಾಡಿದರೆ ಸರಿಹೋಗುತ್ತದೆ, ಅದಕ್ಕೇ ಜನ ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ. ಪ್ರತಿ ಸಲ ಮೆಮೊರಿಯಿಂದಲೇ ಓದು ಅನ್ನುವ `volatile` ಹಾಕಿದರೂ ಮೂರು ಕೆಲಸ ಮೂರೇ. ಕಳೆಯುವಾಗ ಇಂಟರಪ್ಟ್ ನಿಲ್ಲಿಸಬೇಕು. ಖಾಲಿ ಮನೆಯ ಉಪಾಯದಲ್ಲಿ ಈ ರಗಳೆಯೇ ಇಲ್ಲ: `head` ಬರೆಯುವುದು ಇಂಟರಪ್ಟ್ ಒಂದೇ, `tail` ಬರೆಯುವುದು ಮೇನ್ ಲೂಪ್ ಒಂದೇ. ಒಂದು ಬೈಟ್ ಕೊಟ್ಟು ಕೊಂಡದ್ದು ಇದನ್ನು. (ಎಂಟು ಬಿಟ್ಟಿನ ಚಿಪ್ಪಿನಲ್ಲಿ ಇಂಡೆಕ್ಸ್ ಒಂದೇ ಬೈಟಿನದಿರಲಿ. ಎರಡು ಬೈಟಿನದಾದರೆ ಅರ್ಧ ಹಳೆಯದು ಅರ್ಧ ಹೊಸದು ಓದುವ ಇನ್ನೊಂದು ಕಾಟ.)

ಒಂದು ಬೈಟೂ ಬಿಡೆನು ಅನ್ನುವ ಜಿಪುಣರಿಗೂ ದಾರಿಯಿದೆ. ಸುತ್ತನ್ನೂ ಎಣಿಸಿ. `head`, `tail` ಎರಡನ್ನೂ ಸೊನ್ನೆಗೆ ತರದೆ ಏರುತ್ತಲೇ ಹೋಗಲು ಬಿಡಿ, ಮನೆ ಮುಟ್ಟುವಾಗ ಮಾತ್ರ ಕೆಳಗಿನ ಮೂರು ಬಿಟ್ ಉಳಿಸುವ ಮಾಸ್ಕ್ ಹಾಕಿ. ಎರಡೂ ಸಮ ಇದ್ದರೆ ಖಾಲಿ, ವ್ಯತ್ಯಾಸ 8 ಆದರೆ ತುಂಬಿದೆ. ಲಿನಕ್ಸ್ ಕರ್ನಲ್ಲಿನ `kfifo` ನಡೆಯುವುದು ಹೀಗೆಯೇ.

```c
if ((uint8_t)(head - tail) != 8) {
    buf[head & 7] = byte;
    head++;
}
```

ಆ `(uint8_t)` ಅಲಂಕಾರಕ್ಕಲ್ಲ. ಎರಡೂ ಒಂದೊಂದು ಬೈಟಿನವು: `tail` 250, `head` 255 ದಾಟಿ 2ಕ್ಕೆ ಬಂದಿದೆ, ಬಫರ್ ತುಂಬಿದೆ. ಆದರೆ ಸಿ ಭಾಷೆ ಕಳೆಯುವ ಮೊದಲು ಎರಡನ್ನೂ `int` ಮಾಡಿಕೊಳ್ಳುತ್ತದೆ, ಉತ್ತರ −248. ಅದು 8 ಅಲ್ಲವಲ್ಲ, ಜಾಗ ಇದೆ ಅಂತ ಓದದ ಬೈಟಿನ ಮೇಲೆ ಬರೆದುಬಿಡುತ್ತದೆ. ಕಾಸ್ಟ್ ಹಾಕಿದರೆ ಅದೇ −248 ಸರಿಯಾಗಿ 8 ಆಗುತ್ತದೆ. ಮೊದಲ 256 ಬೈಟ್ ಸರಿಯಾಗಿ ಹೋಗುವುದರಿಂದ ಮೇಜಿನ ಮೇಲಿನ ಟೆಸ್ಟಿನಲ್ಲಿ ಇದು ಸಿಗುವುದೇ ಇಲ್ಲ. ಮನೆಗಳ ಸಂಖ್ಯೆಯೂ ಎರಡರ ಘಾತವೇ ಆಗಿರಬೇಕು. 100 ಇಟ್ಟು `% 100` ಮಾಡಿದರೆ 255ನೇ ಎಣಿಕೆ 55ನೇ ಮನೆಗೆ, ಅದರ ಮುಂದಿನದು ನೇರ 0ಗೆ ಜಿಗಿಯುತ್ತದೆ. 256 ಇಟ್ಟರೋ, ತುಂಬಿದಾಗಿನ ವ್ಯತ್ಯಾಸ ಮತ್ತೆ ಸೊನ್ನೆ, ಹೊರಟ ಕಂಬದ ಹತ್ತಿರವೇ ಬಂದಿರಿ. ಒಂದು ಬೈಟಿನ ಎಣಿಕೆಗೆ 128 ಗರಿಷ್ಠ.

ಇಷ್ಟೆಲ್ಲ ಕೇಳುವವರು, ತುಂಬಿದ ಮೇಲೆ ಏನು ಮಾಡಬೇಕು ಅಂತ ಮಾತ್ರ ಕೇಳುವುದಿಲ್ಲ. ನನಗೆ ಆ ಪ್ರಶ್ನೆ ಬೇಕಿತ್ತು. ಬರುತ್ತಿರುವುದು ಕಮಾಂಡ್ ಆದರೆ ಹೊಸದನ್ನು ಬಿಡಿ, ಹಳೆಯದರ ತಲೆ ಕತ್ತರಿಸಿದರೆ ಉಳಿದದ್ದಕ್ಕೆ ಅರ್ಥವಿಲ್ಲ. ಉಷ್ಣಾಂಶದ ರೀಡಿಂಗ್ ಆದರೆ ಹಳೆಯದು ಹೋಗಲಿ. ಆದರೆ ಹಳೆಯದನ್ನು ತಳ್ಳಲು ಇಂಟರಪ್ಟ್ `tail` ಮುಟ್ಟಬೇಕು, ಮುಟ್ಟಿದ ಕ್ಷಣ ‘ಒಬ್ಬರೇ ಬರೆಯುವವರು’ ಅನ್ನುವ ಅನುಕೂಲ ಹೋಯಿತು. ಮೇನ್ ಲೂಪ್ ತೆಗೆಯುವಾಗ ಇಂಟರಪ್ಟ್ ನಿಲ್ಲಿಸುವ ಕೆಲಸ ಮತ್ತೆ ಬಂತು.

ಯಾವುದು ಮಾಡಿದರೂ ಬಿಟ್ಟ ಬೈಟುಗಳಿಗೆ ಒಂದು ಎಣಿಕೆ ಇಡಿ, ಇಂಟರಪ್ಟ್ ಮಾತ್ರ ಏರಿಸುವಂಥದ್ದು. ಡೇಟಾ ಕಳೆದರೂ ಅದು ಸೊನ್ನೆಯಲ್ಲೇ ಇದ್ದರೆ, ಎಷ್ಟು ಕಳೆಯಿತು ನೋಡಿ. ಹನ್ನೊಂದು ಬಂದು ಕೊನೆಯ ಮೂರು ಮಾತ್ರ ಸಿಕ್ಕವೇ? ಎಂಟರ ಲೆಕ್ಕದಲ್ಲಿ ಹೋಗುತ್ತಿವೆ, ತುಂಬಿದ್ದನ್ನು ಖಾಲಿ ಅಂತ ಓದುತ್ತಿದ್ದೀರಿ. ಎಣಿಕೆ ನಾಲ್ಕು ತೋರಿಸಿ, ಮೊದಲ ಏಳು ಸಿಕ್ಕು ಕೊನೆಯ ನಾಲ್ಕು ಹೋಗಿದ್ದರೆ ಬಫರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ನಿಮ್ಮ ಮೇನ್ ಲೂಪ್ ನಿಧಾನ.